ಬಣ್ಣದ ಹಿನ್ನೆಲೆ, ಎರಡು ಸಾಲು, ಒಂದೇ ಸ್ವಭಾವ: ಅಡ್ವೈಸ್ ಅನಿಮಲ್ ಮೀಮ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಕಡೆಯ ಕಾಲೇಜು ಹುಡುಗ ಹುಡುಗಿಯರು ಮೀಮ್ ಮಾಡುವಾಗ ನನ್ನನ್ನು ಕೇಳುತ್ತಾ ಬಂದಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಎಲ್ಲ ಥರದ ಮೀಮ್ ಬಗ್ಗೆ ಅಲ್ಲ. ಸ್ಕಂಬ್ಯಾಗ್ ಸ್ಟೀವ್, ಓವರ್ಲಿ ಅಟ್ಯಾಚ್ಡ್ ಗರ್ಲ್‌ಫ್ರೆಂಡ್, ಪೆಂಗ್ವಿನ್, ಇಂಥ ಹಳೇ ಪಾತ್ರಗಳ ಬಗ್ಗೆ ಮಾತ್ರ. ಇವುಗಳಲ್ಲಿ ಕನ್ನಡದ ಸಾಲು ಹೇಗೆ ಕೂರಿಸುವುದು ಅನ್ನೋದೇ ಮುಖ್ಯ ವಿಷಯ.

ಅಡ್ವೈಸ್ ಅನಿಮಲ್ ಅಂದ್ರೆ ಯಾವ ಮೀಮ್? ಪ್ರಾಣಿ ಇರಲೇಬೇಕಾ?

ಬೇಕಿಲ್ಲ. ಶುರುವಾಗಿದ್ದು ಮಾತ್ರ ಪ್ರಾಣಿಯಿಂದ. 2006ರಲ್ಲಿ ಒಂದು ನಾಯಿಮರಿಯ ಮುಖವನ್ನು ಕತ್ತರಿಸಿ, ಹಿಂದೆ ಕಾಮನಬಿಲ್ಲಿನ ಬಣ್ಣದ ಚಕ್ರ ಇಟ್ಟು, ಮೇಲೊಂದು ಕೆಳಗೊಂದು ಸಾಲು ಬರೆದರು. ನಾಯಿ ಏನೋ ಸಲಹೆ ಕೊಡುವ ಹಾಗೆ ಇತ್ತು. ಅದೇ ಅಡ್ವೈಸ್ ಡಾಗ್. ಅದರ ಅಚ್ಚಿನಲ್ಲೇ ಆಮೇಲೆ ಧೈರ್ಯ ತುಂಬುವ ತೋಳ, ತತ್ವ ಯೋಚಿಸುವ ಡೈನೋಸಾರ್, ನಾಲ್ಕು ಜನರ ಮಧ್ಯೆ ಒದ್ದಾಡುವ ಪೆಂಗ್ವಿನ್ ಬಂದವು. ಮನುಷ್ಯರ ಮುಖಗಳು ಸೇರಿಕೊಂಡಿದ್ದು ಇನ್ನೂ ತಡವಾಗಿ. ನಾಚಿಕೆಯಿಲ್ಲದೆ ಇನ್ನೊಬ್ಬರಿಗೆ ಟೋಪಿ ಹಾಕುವ ಸ್ಕಂಬ್ಯಾಗ್ ಸ್ಟೀವ್ 2011ರಲ್ಲಿ ಬಂದ. ಬ್ಯಾಡ್ ಲಕ್ ಬ್ರಯಾನ್ ಮತ್ತು ಓವರ್ಲಿ ಅಟ್ಯಾಚ್ಡ್ ಗರ್ಲ್‌ಫ್ರೆಂಡ್ 2012ರಲ್ಲಿ.

ಇವೆಲ್ಲ ಒಂದೇ ಮನೆಯವು ಅನ್ನೋದಕ್ಕೆ ಕಾರಣ ಪ್ರಾಣಿ ಅಲ್ಲ, ಸ್ವಭಾವ. ಒಂದು ಚಿತ್ರಕ್ಕೆ ಒಂದೇ ಸ್ವಭಾವ. ಸಾಲು ಬದಲಾಗುತ್ತೆ, ಸ್ವಭಾವ ಬದಲಾಗಲ್ಲ. ಚಿತ್ರ ನೋಡಿದ ತಕ್ಷಣ ಓದುವವರಿಗೆ ಮುಂದೆ ಎಂಥದ್ದು ಬರುತ್ತೆ ಅಂತ ಗೊತ್ತಿರುತ್ತೆ. ಹೇಗೆ ಬರುತ್ತೆ ಅಂತ ಮಾತ್ರ ಗೊತ್ತಿರಲ್ಲ. ನಗು ಇರೋದು ಆ ‘ಹೇಗೆ’ಯಲ್ಲಿ.

ಹಿಂದಿನ ಬಣ್ಣ ಸುಮ್ನೆ ಅಂದಕ್ಕಾ?

ಅಲ್ಲ. ಯಕ್ಷಗಾನದಲ್ಲಿ ಮುಖದ ಬಣ್ಣ ನೋಡಿಯೇ ರಂಗಕ್ಕೆ ಬಂದವನು ರಾಕ್ಷಸನೋ ರಾಜನೋ ಅಂತ ಹೇಳಿಬಿಡ್ತೀವಿ, ಅಲ್ವಾ? ಇಲ್ಲೂ ಬಣ್ಣದ ಕೆಲಸ ಅದೇ.

ಪೆಂಗ್ವಿನ್ ತಗೊಳ್ಳಿ. ನೀಲಿ ಹಿನ್ನೆಲೆಯಲ್ಲಿ ಎಡಕ್ಕೆ ಮುಖ ಮಾಡಿ ನಡೆಯುತ್ತಿದ್ದರೆ ಅದು ಮುಜುಗರದ ಪೆಂಗ್ವಿನ್. ಅದೇ ಚಿತ್ರವನ್ನು ಬಲಕ್ಕೆ ತಿರುಗಿಸಿ ಹಿಂದೆ ಕೆಂಪು ಬಳಿದರೆ ಜನರ ಮಧ್ಯೆ ಗೆದ್ದು ಬರುವ ಪೆಂಗ್ವಿನ್. ಹಕ್ಕಿ ಒಂದೇ, ಬಣ್ಣ ಮತ್ತು ದಿಕ್ಕು ಮಾತ್ರ ಬೇರೆ. ನೀಲಿಗೆ ನಮ್ಮ ಕಡೆಯ ಒಂದು ಸಾಲು:

ಮೇಲೆ: ಕಂಡಕ್ಟರ್ ‘ಎಲ್ಲಿಗೆ’ ಅಂದ್ರು
ಕೆಳಗೆ: ‘ಚೆನ್ನಾಗಿದೀನಿ’ ಅಂದೆ

ಕೆಂಪಿಗೆ:

ಮೇಲೆ: ಮದುವೆ ಮನೇಲಿ ಹೆಸರು ಮರೆತ ಮಾವ ಸಿಕ್ರು
ಕೆಳಗೆ: ‘ಏನ್ ಮಾವ, ಸಣ್ಣ ಆಗಿದೀರ’ ಅಂದೆ, ಖುಷಿಯಾದ್ರು

ಇವೆರಡನ್ನೂ ಅರ್ಧರ್ಧ ಸೇರಿಸಿದ ಚಿತ್ರವೂ ಇದೆ. ಮೇಲರ್ಧ ಕೆಂಪು, ಕೆಳಗರ್ಧ ನೀಲಿ. ಅಂದರೆ ಗೆಲುವಿನಿಂದ ಶುರುವಾಗಿ ಮುಜುಗರದಲ್ಲಿ ಮುಗಿಯಬೇಕು:

ಮೇಲೆ: ಹೆಸರು ಮರೆತ ಮಾವನಿಗೆ ‘ಏನ್ ಮಾವ’ ಅಂದೆ
ಕೆಳಗೆ: ‘ನನ್ ಹೆಸರೇನು ಹೇಳು ನೋಡಣ’ ಅಂದ್ರು

ಬಣ್ಣ ತೆಗೆದು ಬಿಳಿ ಹಾಳೆ ಮೇಲೆ ಈ ಮೂರನ್ನೂ ಬರೆದರೆ ಮೂರು ಸಣ್ಣ ಜೋಕ್ ಅಷ್ಟೇ. ಬಣ್ಣ ಇದ್ದಾಗ ಮೂರನೆಯದರ ಕೆಂಪು ಅರ್ಧ ಓದುವಾಗಲೇ ಕೆಳಗೆ ನೀಲಿ ಕಾಣಿಸುತ್ತೆ. ಏನೋ ಕೆಡುತ್ತೆ ಅಂತ ಓದುವವರು ಕಾಯಲು ಶುರು ಮಾಡ್ತಾರೆ.

ಮನುಷ್ಯರ ಮುಖದ ಮೀಮ್‌ಗಳಲ್ಲಿ ಸಾಮಾನ್ಯವಾಗಿ ಬಣ್ಣದ ಚಕ್ರ ಇರಲ್ಲ. ಸ್ಟೀವ್‌ನ ಹಿಂದೆ ಬಾಗಿಲು ಇದೆ, ಅಟ್ಯಾಚ್ಡ್ ಹುಡುಗಿಯ ಹಿಂದೆ ಅವಳ ಕೋಣೆ. ಅದನ್ನು ಕತ್ತರಿಸಿ ಬಣ್ಣ ಹಾಕಬೇಡಿ. ಬಾಗಿಲ ಹತ್ತಿರ ನಿಂತಿರೋದೇ ‘ಯಾರದೋ ಮನೆಗೆ ಕರೆಯದೆ ಬಂದಿದ್ದಾನೆ’ ಅನ್ನಿಸುತ್ತೆ.

ಎರಡು ಸಾಲನ್ನು ಎಲ್ಲಿ ಮುರಿಯಬೇಕು?

ಮೇಲಿನ ಸಾಲು ಯಾರ ಬದುಕಿನಲ್ಲಾದರೂ ಆಗುವಂಥ ಮಾಮೂಲಿ ವಿಷಯ ಆಗಿರಬೇಕು. ಸ್ವಭಾವ ಬಯಲಾಗೋದು ಕೆಳಗಿನ ಸಾಲಿನಲ್ಲಿ. ಮೇಲೆಯೇ ಎಲ್ಲ ಹೇಳಿಬಿಟ್ಟರೆ ಕೆಳಗೆ ಓದಲು ಏನೂ ಉಳಿಯಲ್ಲ. ಒಂದೊಂದು ಕಡೆ ನಾಲ್ಕೈದು ಪದ ಸಾಕು.

ಕನ್ನಡದಲ್ಲಿ ಇನ್ನೊಂದು ವಿಷಯ ಇದೆ, ಇದರಲ್ಲೇ ಜಾಸ್ತಿ ಜನ ಎಡವೋದು. ಇಂಗ್ಲಿಷ್ ಮೀಮ್‌ನಲ್ಲಿ ‘ಅವನು’, ‘ನಾನು’ ಬಿಟ್ಟುಬಿಡ್ತಾರೆ, ಆಗ ಯಾರು ಮಾಡಿದ್ದು ಅನ್ನೋದನ್ನು ಚಿತ್ರ ಹೇಳುತ್ತೆ. ನಮ್ಮ ಕ್ರಿಯಾಪದದ ಬಾಲದಲ್ಲೇ ಅದು ಅಂಟಿಕೊಂಡಿರುತ್ತೆ. ‘ಅಂದ’ ಅಂದರೆ ಅವನು, ‘ಅಂದೆ’ ಅಂದರೆ ನಾನು. ಹಾಗಾಗಿ ಪಾತ್ರ ಯಾರ ಬಾಯಲ್ಲಿ ಮಾತಾಡುತ್ತೆ ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಬೇಕು. ಸ್ಟೀವ್ ಬಗ್ಗೆ ಬೇರೆಯವರು ಹೇಳ್ತಾರೆ, ಆದ್ದರಿಂದ ‘ಅಂದ, ಹೋದ, ತಗೊಂಡ’. ಪೆಂಗ್ವಿನ್ ತನ್ನ ಕಥೆ ತಾನೇ ಹೇಳುತ್ತೆ, ಆದ್ದರಿಂದ ‘ಅಂದೆ, ಹೋದೆ’. ಅಟ್ಯಾಚ್ಡ್ ಹುಡುಗಿ ನೇರ ನಿಮ್ಮ ಕಣ್ಣಿಗೆ ಕಣ್ಣಿಟ್ಟು ಮಾತಾಡ್ತಾಳೆ, ಅಲ್ಲಿ ‘ನಾನು’ ಮತ್ತು ‘ನೀನು’. ಮೇಲೆ ‘ಅಂದ’, ಕೆಳಗೆ ‘ಮಾಡ್ತೀಯ’ ಅಂತ ಬೆರೆಸಿದರೆ ಓದುವವರು ಯಾರು ಯಾರಿಗೆ ಹೇಳಿದ್ದು ಅಂತ ಹುಡುಕುವುದರಲ್ಲೇ ನಗು ಕಳೆದುಹೋಗುತ್ತೆ.

ಸ್ಕಂಬ್ಯಾಗ್ ಸ್ಟೀವ್‌ಗೆ ಬರೆದ ಸಾಲು ನಗು ತರಿಸ್ತಾ ಇಲ್ಲ. ಯಾಕೆ?

ಹೆಚ್ಚಾಗಿ ಎರಡು ಕಾರಣ. ಒಂದು, ಅವನ ಕೆಲಸದಲ್ಲಿ ಉದ್ದೇಶ ಇರಲ್ಲ. ‘ಮುಳ್ಳಯ್ಯನಗಿರಿಗೆ ಬೆಳಗಿನ ಜಾವ ಹೋದ / ಬರೀ ಮಂಜು’ ಅಂತ ಒಬ್ಬರು ಸ್ಟೀವ್ ಮೇಲೆ ಬರೆದು ತೋರಿಸಿದ್ದರು. ಇದು ಕೆಟ್ಟ ಅದೃಷ್ಟ, ಕೆಟ್ಟತನ ಅಲ್ಲ. ಈ ಸಾಲು ಬ್ಯಾಡ್ ಲಕ್ ಬ್ರಯಾನ್‌ಗೆ ಸೇರಿದ್ದು. ಸ್ಟೀವ್ ಗೊತ್ತಿದ್ದೂ ಮಾಡುವವನು. ಇನ್ನೊಬ್ಬರ ದುಡ್ಡು, ಊಟ, ಸಮಯ, ಇವನ್ನು ತನ್ನದು ಅಂದುಕೊಂಡವನು.

ಎರಡು, ಸಾಲು ತುಂಬಾ ಉದ್ದ ಇರುತ್ತೆ. ಮೊದಲ ಕರಡು ಹೀಗಿತ್ತು ಅಂದುಕೊಳ್ಳಿ: ‘ಗಿರಿಗೆ ಹೋಗೋಣ ಪೆಟ್ರೋಲ್ ನಾನೇ ಹಾಕಿಸ್ತೀನಿ ಅಂತ ಹೇಳಿ ಕರ್ಕೊಂಡು ಹೋಗಿ / ದುಡ್ಡೇ ಕೊಡಲಿಲ್ಲ’. ಮೇಲಿನ ಸಾಲು ಚಿತ್ರದ ಅರ್ಧ ಮುಚ್ಚುತ್ತೆ. ಕೆಳಗಿನದು ದೂರು ಹೇಳಿದ ಹಾಗಿದೆ, ಅವನು ಏನು ಮಾಡಿದ ಅಂತ ಕಣ್ಣಿಗೆ ಕಾಣಲ್ಲ. ‘ಕೊಡಲಿಲ್ಲ’ ಬದಲು ಅವನು ಮಾಡಿದ ಒಂದು ಕೆಲಸ ಹುಡುಕಿ:

ಮೇಲೆ: ‘ಪೆಟ್ರೋಲ್ ನಂದು’ ಅಂದ
ಕೆಳಗೆ: ಬಂಕ್ ಬಂದಾಗ ನಿದ್ದೆ ಹೋದ

ಈಗ ದುಡ್ಡಿನ ಮಾತೇ ಇಲ್ಲ, ಆದರೂ ಕೊಡಲಿಲ್ಲ ಅಂತ ಎಲ್ಲರಿಗೂ ಗೊತ್ತು. ಅದು ಕಳ್ಳ ನಿದ್ದೆ ಅಂತ ಬರೆಯಬೇಕಾಗಿಲ್ಲ. ಟೋಪಿ ಓರೆ ಮಾಡಿ ಬಾಗಿಲಲ್ಲಿ ನಿಂತ ಆ ಮುಖವೇ ಅದನ್ನು ಹೇಳುತ್ತೆ. ಇದೇ ಸಾಲನ್ನು ಯಾವಾಗಲೂ ಒಳ್ಳೆಯದನ್ನೇ ಮಾಡುವ ಗುಡ್ ಗೈ ಗ್ರೆಗ್ ಮೇಲೆ ಹಾಕಿ ನೋಡಿ, ಪಾಪ ಸುಸ್ತಾಗಿ ಮಲಗಿದ್ದಾನೆ ಅನ್ನಿಸುತ್ತೆ.

ಆ ಓರೆ ಟೋಪಿಗೆ ಆಮೇಲೆ ಬೇರೆಯೇ ಬದುಕು ಸಿಕ್ಕಿತು. ಅದನ್ನು ಕತ್ತರಿಸಿ ಮೆದುಳಿನ ಮೇಲೆ, ಟೀಚರ್ ಮೇಲೆ, ಯಾವ ವಸ್ತುವಿನ ಮೇಲೆ ಇಟ್ಟರೂ ಅದು ಸ್ಕಂಬ್ಯಾಗ್ ಆಗುತ್ತಿತ್ತು. ನಮ್ಮ ಕಡೆ ಇದಕ್ಕೆ ಸರಿಯಾದ ವಸ್ತು ಟ್ರಾನ್ಸ್‌ಫಾರ್ಮರ್: ‘ಜೋರು ಮಳೆಯಲ್ಲೂ ಕರೆಂಟ್ ಇತ್ತು / ಮಳೆ ನಿಂತ ಮೇಲೆ ಹೋಯ್ತು’.

ಓವರ್ಲಿ ಅಟ್ಯಾಚ್ಡ್ ಗರ್ಲ್‌ಫ್ರೆಂಡ್ ಅನ್ನು ಕನ್ನಡಕ್ಕೆ ಹೇಗೆ ತರೋದು?

ಮೊದಲು ಆ ಚಿತ್ರ ಎಲ್ಲಿಂದ ಬಂತು ನೋಡಿ. 2012ರ ಜೂನ್‌ನಲ್ಲಿ ಲೈನಾ ಮಾರಿಸ್ ಅನ್ನುವ ಯುವತಿ ಜಸ್ಟಿನ್ ಬೀಬರ್ ಹಾಡಿಗೆ ತಮಾಷೆಯ ಸಾಹಿತ್ಯ ಬರೆದು ಯೂಟ್ಯೂಬ್‌ಗೆ ಒಂದು ವಿಡಿಯೊ ಹಾಕಿದರು. ಅದರಲ್ಲಿ ಪ್ರೇಮಿಯನ್ನು ಒಂದು ಕ್ಷಣವೂ ಬಿಡದ ಹುಡುಗಿಯ ಪಾತ್ರ ಮಾಡಿದ್ದರು. ಕಣ್ಣು ಅಗಲ, ರೆಪ್ಪೆ ಬಡಿಯಲ್ಲ, ತುಟಿಯಲ್ಲಿ ನಗು. ವೆಬ್‌ಕ್ಯಾಮ್ ನೋಡುತ್ತಿದ್ದ ಆ ಒಂದು ಫ್ರೇಮ್ ಮೀಮ್ ಆಯಿತು. ಅವರು ನಟಿಸುತ್ತಿದ್ದರು ಅನ್ನೋದು ಮುಖ್ಯ. ಪಾತ್ರ ಹುಟ್ಟಿಸಿದ್ದೇ ಅವರು.

ಈ ಪಾತ್ರಕ್ಕೆ ಬೇಕಾಗಿದ್ದು ಎರಡು. ಮೇಲಿನ ಸಾಲು ಪ್ರೀತಿಯ ಮಾತಿನ ಹಾಗೆ ಕೇಳಿಸಬೇಕು. ಕೆಳಗಿನ ಸಾಲು ಓದಿದಾಗ ಬೆನ್ನ ಹಿಂದೆ ತಿರುಗಿ ನೋಡಬೇಕು ಅನ್ನಿಸಬೇಕು. ಕೋಪ ಇರಬಾರದು. ಅವಳಿಗೆ ಸಿಟ್ಟು ಬಂದರೆ ಪಾತ್ರ ಸತ್ತಿತು, ಯಾಕಂದರೆ ಮುಖ ನಗುತ್ತಿದೆ.

ಹಾಸನದಿಂದ ಮಂಗಳೂರಿಗೆ ಹೋಗುವವರಿಗೆಲ್ಲ ಗೊತ್ತು, ಶಿರಾಡಿ ಘಾಟಿಯಲ್ಲಿ ಫೋನ್ ಸರಿಯಾಗಿ ಸಿಗಲ್ಲ. ಅದನ್ನು ತಗೊಳ್ಳೋಣ. ಮೊದಲ ಕರಡು: ‘ಶಿರಾಡಿಯಲ್ಲಿ ಯಾಕೆ ಫೋನ್ ಎತ್ತಲಿಲ್ಲ / ನಿನ್ನ ಸುಮ್ನೆ ಬಿಡಲ್ಲ’. ಇದು ಬೆದರಿಕೆ, ಇದರಲ್ಲಿ ನಗು ಇಲ್ಲ. ಎರಡನೆಯದು: ‘ಶಿರಾಡಿಯಲ್ಲಿ ನೆಟ್‌ವರ್ಕ್ ಸಿಗಲ್ಲ ಅಂದ್ಯಲ್ಲ / ನಲವತ್ತು ಸಲ ಫೋನ್ ಮಾಡಿದೆ’. ಪರವಾಗಿಲ್ಲ, ಆದರೆ ನಿಜ ಜೀವನದಲ್ಲೂ ಯಾರಾದರೂ ಹೀಗೆ ಮಾಡ್ತಾರೆ. ಪಾತ್ರ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಬೇಕು:

ಮೇಲೆ: ಶಿರಾಡಿಯಲ್ಲಿ ನೆಟ್‌ವರ್ಕ್ ಸಿಗಲ್ಲ ಅಂದ್ಯಲ್ಲ
ಕೆಳಗೆ: ಹಿಂದಿನ ಸೀಟಲ್ಲೇ ಇದೀನಿ

ಬೈಗುಳ ಇಲ್ಲ, ಬೆದರಿಕೆ ಇಲ್ಲ. ‘ಸಿಗಲ್ಲ’ ಅಂತ ಅವನು ಕೊಟ್ಟ ನೆಪಕ್ಕೆ ಅವಳು ಪ್ರೀತಿಯಿಂದ ಪರಿಹಾರ ಹುಡುಕಿದ್ದಾಳೆ. ‘ಸೀಟಲ್ಲೇ’ ಅನ್ನುವ ‘ಏ’ ಬಿಡಬೇಡಿ. ಮೊದಲಿಂದಲೂ ಅಲ್ಲೇ ಇದ್ದಳು ಅಂತ ಹೇಳೋದು ಅದೇ.

ಈ ಮೀಮ್ ‘ಹುಡುಗೀರೆಲ್ಲ ಹೀಗೇ’ ಅನ್ನುವ ಕಡೆ ಜಾರುವುದೂ ಉಂಟು. ಸಾಲಿನಲ್ಲಿ ‘ಹುಡುಗೀರು’ ಅನ್ನುವ ಪದ ಬಂತು ಅಂದರೆ ಅದು ಪಾತ್ರ ಆಡುವ ಮಾತಲ್ಲ, ನೀವು ಆಡುವ ಮಾತು. ಅಳಿಸಿ ಮತ್ತೆ ಬರೆಯಿರಿ. ನಾನಂತೂ ಗೊತ್ತಿರುವ ಯಾವುದೋ ಹುಡುಗಿಗೆ ತಿವಿಯಲು ಮಾಡಿದ್ದನ್ನು ಒಪ್ಪಲ್ಲ.

ಕನ್ನಡದಲ್ಲಿ ಸಿನಿಮಾ ದೃಶ್ಯದ ಟೆಂಪ್ಲೇಟ್ ಸಾಕಷ್ಟಿವೆ. ಇವು ಯಾಕೆ ಬೇಕು?

ಎರಡರ ಕೆಲಸ ಬೇರೆ. ಸಿನಿಮಾ ದೃಶ್ಯ ಒಂದು ಸಂದರ್ಭವನ್ನು ಹೊತ್ತು ತರುತ್ತೆ. ಆ ಸಿನಿಮಾ ನೋಡಿದವರಿಗೆ ಡೈಲಾಗ್ ಕಿವಿಯಲ್ಲಿ ಕೇಳಿಸುತ್ತೆ, ನೋಡದವರಿಗೆ ಅರ್ಧ ಮಾತ್ರ ಸಿಗುತ್ತೆ. ಅಡ್ವೈಸ್ ಅನಿಮಲ್ ಸ್ವಭಾವವನ್ನು ಹೊತ್ತು ತರುತ್ತೆ. ನಾಲ್ಕೈದು ಉದಾಹರಣೆ ನೋಡಿದವರು ಯಾರಾದರೂ ಆರನೆಯದನ್ನು ಬರೆಯಬಹುದು. ನಿಮ್ಮ ವಿಷಯ ‘ಒಂದು ಸಲ ಹೀಗಾಯ್ತು’ ಅನ್ನುವಂಥದ್ದಾದರೆ ಸಿನಿಮಾ ದೃಶ್ಯವೇ ವಾಸಿ. ‘ಇವನು ಯಾವಾಗಲೂ ಹೀಗೇ’ ಅನ್ನುವಂಥದ್ದಾದರೆ ಇದು.

ಕನ್ನಡ ಅಕ್ಷರ ಯಾಕೆ ಅಷ್ಟು ಕೆಟ್ಟದಾಗಿ ಕಾಣುತ್ತೆ?

ಯಾಕಂದರೆ ಈ ಮೀಮ್‌ಗಳ ಅಕ್ಷರ ಕನ್ನಡಕ್ಕೆ ಮಾಡಿದ್ದಲ್ಲ. ಅದು ಇಂಪ್ಯಾಕ್ಟ್ ಅನ್ನುವ ಫಾಂಟ್, 1965ರಲ್ಲಿ ಜೆಫ್ರಿ ಲೀ ರೂಪಿಸಿದ್ದು. ದಪ್ಪ, ಒತ್ತೊತ್ತಾದ ದೊಡ್ಡಕ್ಷರ, ಬಿಳಿ ಮೈ, ಕಪ್ಪು ಅಂಚು. ಹಿಂದೆ ಯಾವ ಬಣ್ಣ ಇದ್ದರೂ ಓದಬಹುದು. ಅದರಲ್ಲಿ ಕನ್ನಡ ಅಕ್ಷರ ಇಲ್ಲ. ನೀವು ಕನ್ನಡ ಟೈಪ್ ಮಾಡಿದಾಗ ಆ್ಯಪ್ ಹೇಳದೆ ಕೇಳದೆ ಬೇರೆ ಯಾವುದೋ ತೆಳು ಫಾಂಟ್ ಹಾಕುತ್ತೆ. ಆ ತೆಳು ಅಕ್ಷರಕ್ಕೆ ದಪ್ಪ ಕಪ್ಪು ಅಂಚು ಬಿದ್ದಾಗ ಬಿಳಿ ಭಾಗವೇ ಮಾಯ.

ಮೊದಲು ದಪ್ಪ ಕನ್ನಡ ಫಾಂಟ್ ಹಾಕಿಕೊಳ್ಳಿ. ಪುಕ್ಕಟೆ ಸಿಗುವುದರಲ್ಲಿ Noto Sans Kannada ಫಾಂಟಿನ Black ತೂಕ ಅಥವಾ Baloo Tamma 2 ಫಾಂಟಿನ ExtraBold ಚೆನ್ನಾಗಿ ಕೂರುತ್ತವೆ. ಕಪ್ಪು ಅಂಚನ್ನು ಅಕ್ಷರದ ಹೊರಗೆ ಮಾತ್ರ ಬರುವಂತೆ ಇಡಿ. ಆ್ಯಪ್‌ನಲ್ಲಿ ಆ ಆಯ್ಕೆ ಇಲ್ಲದಿದ್ದರೆ ಅದೇ ಸಾಲಿನ ಎರಡು ಪ್ರತಿ ಮಾಡಿ. ಹಿಂದಿನದು ದಪ್ಪ ಅಂಚಿನ ಪೂರ್ತಿ ಕಪ್ಪು, ಮುಂದಿನದು ಅಂಚಿಲ್ಲದ ಬಿಳಿ. ಸರಿ ಬಂದಿದೆಯಾ ಅಂತ ನೋಡಲು ‘ದ, ಧ, ಥ’ ಮೂರನ್ನೂ ಬರೆದು ಫೋನ್ ಅನ್ನು ಕೈ ಚಾಚಿ ಹಿಡಿಯಿರಿ. ಮೂರೂ ಬೇರೆ ಬೇರೆ ಕಂಡರೆ ಆಯಿತು. ಒಂದೇ ಥರ ಕಂಡರೆ ಅಂಚು ಒಳಗೆ ನುಗ್ಗಿದೆ.

ಇನ್ನೊಂದು ತೊಂದರೆ ಒತ್ತಕ್ಷರ. ಇಂಗ್ಲಿಷ್ ದೊಡ್ಡಕ್ಷರ ಗೆರೆಯಿಂದ ಕೆಳಗೆ ಇಳಿಯಲ್ಲ, ಹಾಗಾಗಿ ಚಿತ್ರದ ಅಡಿಗೇ ಅಂಟಿಸಿ ಇಡ್ತಾರೆ. ‘ಸ್ಟ್ಯಾಂಡ್’ ಅನ್ನುವಂಥ ಪದ ಅಲ್ಲಿಟ್ಟರೆ ಒತ್ತುಗಳು ಚಿತ್ರದಿಂದ ಹೊರಗೆ ಬೀಳುತ್ತವೆ. ಕೆಳಗಿನ ಸಾಲಿನ ಅಡಿ ಅಕ್ಷರದ ಎತ್ತರದ ಅರ್ಧದಷ್ಟಾದರೂ ಜಾಗ ಬಿಡಿ. ಒಂದೇ ಕಡೆ ಎರಡು ಸಾಲು ಬಂದರೆ ನಡುವೆಯೂ ಜಾಗ ಜಾಸ್ತಿ ಕೊಡಿ, ಇಲ್ಲದಿದ್ದರೆ ಮೇಲಿನ ಒತ್ತು ಕೆಳಗಿನ ತಲೆಕಟ್ಟಿಗೆ ಸಿಕ್ಕಿಕೊಳ್ಳುತ್ತೆ.

ಕೆಲವು ಹಳೇ ಮೀಮ್ ಮಾಡುವ ಸೈಟ್‌ಗಳಲ್ಲಿ ಒತ್ತಕ್ಷರ ಕೂಡಿಕೊಳ್ಳುವುದೇ ಇಲ್ಲ, ಬಿಡಿ ಬಿಡಿಯಾಗಿ ನಿಲ್ಲುತ್ತವೆ. ‘ಕ್ಷೇತ್ರ’ ಅಂತ ಟೈಪ್ ಮಾಡಿ ನೋಡಿದರೆ ತಕ್ಷಣ ಗೊತ್ತಾಗುತ್ತೆ. ಹಾಗಾದರೆ ಆ ಸೈಟ್ ಬಿಟ್ಟು ಫೋನ್‌ನ ಫೋಟೊ ಎಡಿಟರ್‌ನಲ್ಲೇ ಬರೆಯಿರಿ. ಹಳೇ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಫೈಲಿನಿಂದ ನಕಲು ಮಾಡಿದ ಸಾಲು ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಬಂದರೆ ಅದು ಯೂನಿಕೋಡ್ ಅಲ್ಲ ಅಂತ ಅರ್ಥ. ಹೊಸದಾಗಿ ಟೈಪ್ ಮಾಡಿ.

ಈ ಫೋಟೊಗಳಿಗೆ ಮಾಲೀಕರು ಇದ್ದಾರಾ? ತೊಂದರೆ ಆಗುತ್ತಾ?

ಇದ್ದಾರೆ. ಮುಜುಗರದ ಪೆಂಗ್ವಿನ್ ಅನ್ನು ನ್ಯಾಷನಲ್ ಜಿಯಾಗ್ರಫಿಕ್‌ಗಾಗಿ ಜಾರ್ಜ್ ಮೊಬ್ಲಿ ತೆಗೆದಿದ್ದರು. 2015ರಲ್ಲಿ, ಫೋಟೊ ಬಳಸಲು ಪರವಾನಗಿ ಮಾರುವ ಗೆಟ್ಟಿ ಇಮೇಜಸ್ ಆ ಚಿತ್ರ ಬಳಸಿದ ಜರ್ಮನಿಯ ಒಂದು ಕಂಪನಿಯಿಂದ ಶುಲ್ಕ ವಸೂಲಿ ಮಾಡಿದ್ದು ಸುದ್ದಿಯಾಯಿತು. ಮರಳು ಮುಷ್ಟಿ ಹಿಡಿದ ಮಗು, ಸಕ್ಸೆಸ್ ಕಿಡ್, ನೆನಪಿದೆಯಾ? 2007ರಲ್ಲಿ ಆ ಫೋಟೊ ತೆಗೆದ ತಾಯಿ ಲೇನಿ ಗ್ರೈನರ್ ಹಕ್ಕನ್ನು ತಮ್ಮ ಬಳಿಯೇ ಇಟ್ಟುಕೊಂಡಿದ್ದಾರೆ. ಅಮೆರಿಕದ ಆಗಿನ ಸಂಸದ ಸ್ಟೀವ್ ಕಿಂಗ್ ಅವರ ಪ್ರಚಾರ ಸಮಿತಿ 2020ರಲ್ಲಿ ಅದನ್ನು ದೇಣಿಗೆ ಕೇಳಲು ಬಳಸಿದಾಗ ಕೋರ್ಟಿಗೆ ಹೋಗಿ ಗೆದ್ದರು. ಸಿಕ್ಕ ಮೊತ್ತ 750 ಡಾಲರ್ ಅಷ್ಟೇ, ಆದರೆ ಮೀಮ್ ಆದ ಮಾತ್ರಕ್ಕೆ ಹಕ್ಕು ಹೋಗಲ್ಲ ಅಂತ ಸ್ಪಷ್ಟವಾಯಿತು. ಗೆಳೆಯರ ನಡುವೆ ಹಂಚುವುದು ಒಂದು. ನಿಮ್ಮ ಹೋಮ್‌ಸ್ಟೇ ಅಥವಾ ಕಾಫಿಪುಡಿ ಅಂಗಡಿಯ ಜಾಹೀರಾತಿಗೆ ಬಳಸುವುದು ಬೇರೆಯೇ. ಎರಡನೆಯದನ್ನು ಮಾಡಬೇಡಿ.

ನಮ್ಮೂರಿನ ಯಾರದೋ ಫೋಟೊ ಹಾಕಿ ಹೊಸ ಪಾತ್ರ ಮಾಡಬಹುದಾ?

ದಯವಿಟ್ಟು ಬೇಡ. ಸ್ಕಂಬ್ಯಾಗ್ ಸ್ಟೀವ್ ಕೂಡ ನಿಜವಾದ ಮನುಷ್ಯನೇ, ಬ್ಲೇಕ್ ಬಾಸ್ಟನ್. ಮನೆಯಲ್ಲಿ ಅಮ್ಮ ತೆಗೆದ ಫೋಟೊ ಅದು. ಅವನು ಏನೂ ಮಾಡದಿದ್ದರೂ ಜಗತ್ತಿಗೆಲ್ಲ ಕೆಟ್ಟವನ ಮುಖ ಆದ. ಅಮೆರಿಕದಂಥ ದೊಡ್ಡ ದೇಶದಲ್ಲೇ ಅವನನ್ನು ಹುಡುಕಿಬಿಟ್ಟರು. ಹಾಸನದಲ್ಲಿ ಮುಖ ನೋಡಿದ ಕೂಡಲೇ ‘ಇವರು ಇಂಥವರ ಮಗ’ ಅಂತ ಯಾರಾದರೂ ಹೇಳ್ತಾರೆ. ಆ ಹುಡುಗ ನಾಳೆ ಅದೇ ಬಸ್ಸಿನಲ್ಲಿ ಕಾಲೇಜಿಗೆ ಹೋಗಬೇಕು.

ಪ್ರಾಣಿ ತಗೊಳ್ಳಿ. ಆದರೆ ಯಾವ ಪ್ರಾಣಿ ಅಂತಲೂ ಯೋಚಿಸಿ. ಆನೆ ಬೇಡ ಅಂತ ನಾನು ಯಾವಾಗಲೂ ಹೇಳ್ತೀನಿ. ಸಕಲೇಶಪುರ, ಆಲೂರು, ಬೇಲೂರು ಕಡೆ ಆನೆ ದಾಳಿಯಲ್ಲಿ ಮನೆಯವರನ್ನು ಕಳೆದುಕೊಂಡವರಿದ್ದಾರೆ. ಅವರ ಫೋನಿಗೂ ಆ ಚಿತ್ರ ಹೋಗುತ್ತೆ.

ನನಗೆ ಇಷ್ಟವಾದ ಪಾತ್ರ ಒಲೆ ಪಕ್ಕದ ಬೆಕ್ಕು. ಮಲೆನಾಡಿನ ಮಳೆಗಾಲದಲ್ಲಿ ಬಚ್ಚಲೊಲೆ ಬಿಟ್ಟು ಏಳದ ಬೆಕ್ಕು ಎಲ್ಲರ ಮನೆಯಲ್ಲೂ ಇರುತ್ತೆ. ಸ್ವಭಾವ: ಎಲ್ಲದಕ್ಕೂ ಒಪ್ಪುತ್ತೆ, ಜಾಗ ಬಿಟ್ಟು ಕದಲಲ್ಲ. ನಿಮ್ಮದೇ ಬೆಕ್ಕಿನ ಫೋಟೊ ತೆಗೆಯಿರಿ. ಕಣ್ಣು ಅರ್ಧ ಮುಚ್ಚಿರಬೇಕು, ಮುಖ ನೇರ ಇರಬೇಕು. ತಲೆ ಮತ್ತು ಹೆಗಲಷ್ಟೇ ಕತ್ತರಿಸಿ ಚೌಕದ ಮಧ್ಯೆ ಇಡಿ. ಹಿಂದೆ ನಡುವಿನಿಂದ ಅಂಚಿನವರೆಗೆ ಎಂಟು ತ್ರಿಕೋನ, ಒಂದು ಬಿಟ್ಟು ಒಂದಕ್ಕೆ ಕೆಂಡದ ಕಿತ್ತಳೆ ಮತ್ತು ಮಸಿಯ ಬೂದು. ಈ ಎರಡೇ ಬಣ್ಣ ಯಾವಾಗಲೂ ಇರಲಿ, ಬೆಕ್ಕು ಬದಲಾದರೂ. ಸಾಲು ಬೆಕ್ಕಿನ ಬಾಯಲ್ಲೇ ಬರಬೇಕು:

ಮೇಲೆ: ಮಳೆ ನಿಂತ ತಕ್ಷಣ ತೋಟಕ್ಕೆ ಹೋಗ್ತೀನಿ
ಕೆಳಗೆ: ಸೆಪ್ಟೆಂಬರ್‌ನಲ್ಲಿ

ಪಾತ್ರ ನಿಂತಿದೆಯಾ ಅಂತ ತಿಳಿಯಲು ಹೀಗೆ ಮಾಡಿ. ವಿವರಣೆ ಕೊಡದೆ ಎರಡು ಮೂರು ಮೀಮ್ ಮಾತ್ರ ತೋರಿಸಿ, ಗೆಳೆಯರಿಗೆ ಸಾಲಿಲ್ಲದ ಚಿತ್ರ ಕಳಿಸಿ, ಸಾಲು ಬರೆಯಲು ಹೇಳಿ. ಅವರು ಬರೆದದ್ದೂ ಅದೇ ಬೆಕ್ಕು ಆಡಿದ ಹಾಗಿದ್ದರೆ ಪಾತ್ರ ಹುಟ್ಟಿದೆ. ಒಬ್ಬರು ಸಿಟ್ಟಿನ ಬೆಕ್ಕು, ಇನ್ನೊಬ್ಬರು ಕಳ್ಳ ಬೆಕ್ಕು ಬರೆದರೆ ನಿಮ್ಮ ಮೊದಲ ಸಾಲುಗಳಲ್ಲಿ ಸ್ವಭಾವ ಒಂದೇ ಇರಲಿಲ್ಲ ಅಂತ ಅರ್ಥ. ಚಿತ್ರ ಬದಲಿಸಬೇಡಿ, ಆ ಸಾಲುಗಳನ್ನು ತಿದ್ದಿ ಬೇರೆಯವರಿಗೆ ಕಳಿಸಿ.

ವಾಟ್ಸಾಪ್‌ನಲ್ಲಿ ಕಳಿಸಿದರೆ ಅಕ್ಷರದ ಸುತ್ತ ಕೊಳೆ ಕೊಳೆ ಕಾಣುತ್ತೆ. ಏನು ಮಾಡೋದು?

ಫೋಟೊ ಆಗಿ ಕಳಿಸಿದಾಗ ಅದು ಚಿತ್ರವನ್ನು ಕುಗ್ಗಿಸುತ್ತೆ. ಬಿಳಿ ಅಕ್ಷರ, ಕಪ್ಪು ಅಂಚು, ಗಾಢ ಬಣ್ಣ ಒಟ್ಟಿಗೆ ಸೇರುವ ಕಡೆ ಆ ಕೊಳೆ ಜಾಸ್ತಿ ಕಾಣುತ್ತೆ. PNG ಆಗಿ ಉಳಿಸಿ, ಡಾಕ್ಯುಮೆಂಟ್ ಆಗಿ ಕಳಿಸಿ. ಯಾರದೋ ಸ್ಟೇಟಸ್‌ನಿಂದ ಸ್ಕ್ರೀನ್‌ಶಾಟ್ ತೆಗೆದು ಅದರ ಮೇಲೆ ಹೊಸ ಸಾಲು ಬರೆಯಬೇಡಿ. ಸಾಲಿಲ್ಲದ ಖಾಲಿ ಚಿತ್ರವನ್ನು ಬೇರೆ ಫೋಲ್ಡರ್‌ನಲ್ಲಿ ಇಟ್ಟುಕೊಂಡು ಪ್ರತಿ ಸಲ ಅದರಿಂದಲೇ ಶುರು ಮಾಡಿ.